ಕೌದಿಯ ಮೂಲೆಯ ತುತ್ತು

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಾಯಿ ಬಿಡಬಾರದು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನ ಅಂಗಡಿಯ ಬಾಗಿಲಿಗೆ ಅಡ್ಡ ಲಾರಿ ನಿಲ್ಲಿಸಿದ ಡ್ರೈವರ್ ಎರಡನೇ ಸಲ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ನನ್ನ ಹೆಸರು ಮಹಾನಂದಾ. ಕೌದಿ ಮಾಡಿಸಿ ಕೊಡುವುದು ನನ್ನ ದಂಧೆ. ಜನ ತಮ್ಮ ಮನೆಯ ಹಳೇ ಸೀರೆಗಳನ್ನು ಕಳಿಸುತ್ತಾರೆ, ತಿಕೋಟಾ ಕಡೆಯ ಹಳ್ಳಿಗಳ ಐದು ಹೆಂಗಸರು ಅವನ್ನು ಪದರ ಪದರ ಹಾಸಿ ಕೈಯಲ್ಲೇ ಹೊದಿಕೆಯಾಗಿ ಹೊಲಿಯುತ್ತಾರೆ, ನಾನು ಮಡಚಿ ಕಟ್ಟಿ ಕೊರಿಯರ್‌ಗೆ ಹಾಕುತ್ತೇನೆ. ಪ್ರತಿ ಕೌದಿಯ ಅಂಚಿಗೂ ಒಂದು ಬಿಳಿ ಪಟ್ಟಿ ಇರುತ್ತದೆ. ಹೊಲಿದವಳ ಹೆಸರು, ಊರು. ಅದು ನನ್ನ ಹಟ. ಹೊಲಿದು ಹೊಲಿದು ಬೆರಳು ತೂತಾಗುವುದು ಅವರದು, ಹೆಸರು ನನ್ನದು ಯಾಕಿರಬೇಕು?

ಆ ಪಟ್ಟಿಯೇ ಮುಳುವಾಯಿತು.

ಕಾರ್ತಿಕ ಮಾಸದ ಒಂದು ಮಂಗಳವಾರ ಮುಂಜಾನೆ ನಾನಿನ್ನೂ ಶಟರ್ ಎತ್ತುತ್ತಿದ್ದೆ. ಪಕ್ಕದ ಮೊಬೈಲ್ ಅಂಗಡಿಯ ನಜಮಾ ಓಡಿ ಬಂದಳು. ಅವಳು ಗಂಡ ಮೆಹಬೂಬನ ಜೊತೆ ಫೋನ್ ರಿಪೇರಿ ಮಾಡುತ್ತಾಳೆ, ನನಗೆ ಇನ್‌ಸ್ಟಾಗ್ರಾಮ್ ಕಲಿಸಿದವಳೂ ಅವಳೇ.

"ಅಕ್ಕಾ, ಮೊದಲ ಕುಂದ್ರು. ಕುಂತ ಮ್ಯಾಲ ತೋರಸ್ತೇನಿ."

ಕುಳಿತೆ. ಫೋನಿನಲ್ಲಿ ಒಂದು ವಿಡಿಯೋ, ತುಮಕೂರಿನ ಚಂದ್ರಕಲಾಳದು. ಸಾಲೆಯ ಟೀಚರು. ಹೋದ ವರ್ಷ ತೀರಿಹೋದ ತಾಯಿಯ ನಾಲ್ಕು ಸೀರೆಗಳನ್ನು ನಮಗೆ ಕಳಿಸಿದ್ದಳು. ಮಳೆಗಾಲದಲ್ಲಿ ಹೊಲಿದ ಆ ಕೌದಿಯನ್ನು ದಸರೆಗೆ ಮುಂಚೆ ಕಳಿಸಿಕೊಟ್ಟಿದ್ದೆವು. ಅವಳು ಕೌದಿಯ ಮೂಲೆಯನ್ನು ಎತ್ತಿ ಹಿಡಿದಿದ್ದಳು. ಎರಡು ಬೆರಳು ತೂರುವಷ್ಟು ಕಡಿದ ತೂತು. ಒಳಗಿಂದ ಕಪ್ಪಗೆ ಬೂಸ್ಟು ಹಿಡಿದ ರೊಟ್ಟಿಯ ಚೂರುಗಳು ಮೇಜಿನ ಮೇಲೆ ಉದುರಿದವು.

"ಇದು ಇವರು ತಿಂದು ಬಿಟ್ಟ ಎಂಜಲಾ? ಇಲ್ಲಾ ಮಾಟ ಮಾಡಿ ಇಟ್ಟಿರೋದಾ? ಈ ವಾಸನೆಗೆ ಇಲಿ ಬಂದು ನಮ್ಮಮ್ಮನ ಸೀರೆ ಕಡಿದು ಹಾಕಿದೆ. ನಮ್ಮಮ್ಮನ ಸೀರೆ ಇನ್ನೊಂದು ಸಲ ನನಗೆ ಎಲ್ಲಿ ಸಿಗತ್ತೆ?" ಎಂದಳು. ಆಮೇಲೆ ಫೋನನ್ನು ಬಿಳಿ ಪಟ್ಟಿಯ ಹತ್ತಿರ ಒಯ್ದಳು. 'ಲಕ್ಕವ್ವ, ಘೋಣಸಗಿ' ಎಂಬ ಅಕ್ಷರ ಸ್ವಚ್ಛವಾಗಿ ಕಾಣುತ್ತಿತ್ತು.

ಎರಡೇ ದಿನಕ್ಕೆ ಲಕ್ಷದ ಮೇಲೆ ಜನ ನೋಡಿದ್ದರು. ವಿಡಿಯೋದ ಕೆಳಗೆ ಜನ ಬರೆದ ಮಾತುಗಳನ್ನು ಓದಿದೆ. ಒಬ್ಬ ನನ್ನನ್ನು ಬೈದಿದ್ದರೆ ಹತ್ತು ಜನ ಲಕ್ಕವ್ವನನ್ನು ಬೈದಿದ್ದರು. ಮಾಟಗಾತಿ ಎಂದವರೇ ಹೆಚ್ಚು. ಲಕ್ಕವ್ವ ನನಗೆ ಸೂಜಿ ಹಿಡಿಯಲು ಕಲಿಸಿದವಳು. ಎಪ್ಪತ್ತರ ಮೇಲಿನ ವಯಸ್ಸು, ಓದು ಬರಹ ಇಲ್ಲ, ತನ್ನ ಹೆಸರು ಹೊತ್ತ ಆ ಪಟ್ಟಿಯನ್ನು ಮಾತ್ರ ಪ್ರತಿ ಸಲ ಕಣ್ಣಿಗೆ ಒತ್ತಿಕೊಂಡು ಹೊಲಿಯುವವಳು. ನನ್ನ ಮೈಯೆಲ್ಲ ಉರಿದುಹೋಯಿತು.

"ಹಚ್ಚ ನಜಮಾ ಫೋನು. ಈಗs ಹಾಕೂಣು ವಿಡಿಯೋ."

ನಜಮಾ ಬೇಡ ಎನ್ನಲಿಲ್ಲ. ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿದಳು, ರಸ್ತೆಯ ಸದ್ದು ಬರಬಾರದೆಂದು ಶಟರನ್ನು ಅರ್ಧ ಇಳಿಸಿದಳು. ನಾನು ಶುರು ಮಾಡಿದೆ. ಇದು ನಮ್ಮ ಪದ್ಧತಿ, ನಿಮಗೆ ತಿಳಿಯದಿದ್ದರೆ ಕೇಳಬೇಕಿತ್ತು, ಮಾಟ ಅನ್ನಲು ನಾಚಿಕೆ ಬರಲಿಲ್ಲವೇ, ಇಲಿ ಏನು ನಾವು ಪಾರ್ಸಲ್ ಮಾಡಿ ಕಳಿಸಿದ್ದೆವೇ, ಇಲಿ ನಿಮ್ಮ ಮನೆಯದು! ಮುಗಿಸಿದಾಗ ನನಗೇ ಭಲೇ ಅನ್ನಿಸಿತು.

ನಜಮಾ ಅದನ್ನು ಒಮ್ಮೆ ತಿರುಗಿ ಹಚ್ಚಿ ನನಗೇ ತೋರಿಸಿದಳು. ಆಮೇಲೆ ಅಳಿಸಿದಳು.

"ಯಾಕಲೇ ಅಳಿಸಿದಿ!"

"ಅಕ್ಕಾ, ನಮ್ಮ ಅಂಗಡಿಗೆ ಫೋನ್ ಕೆಟ್ಟೈತಿ ಅಂತ ಬಂದಾರಿಗೆ ನೀವs ಕೆಡಿಸೀರಿ ಅಂದ್ರ ಅವರು ಇನ್ನೊಮ್ಮೆ ಬರತಾರೇನು? ಇಲಿ ಯಾರದರ ಇರಲಿ. ರೊಟ್ಟಿ ಯಾರದು?"

ರೊಟ್ಟಿ ನಮ್ಮದು.

ಆ ರೊಟ್ಟಿಯ ಕತೆ ಇಷ್ಟೇ. ನಮ್ಮ ಕಡೆ ಕೌದಿ ಹೊಲಿದು ಮುಗಿಯುವಾಗ ಕೊನೆಯ ಮೂಲೆಯ ಮೇಲೆ ಮೂರು ಮೂಲೆಯ ಒಂದು ಬಟ್ಟೆಯ ತುಂಡು ಹಚ್ಚುತ್ತಾರೆ. ಅದನ್ನು ಮುಚ್ಚುವ ಮುಂಚೆ ಲಕ್ಕವ್ವ ಒಳಗೆ ಒಂದು ಚೂರು ಖಡಕ್ ಜೋಳದ ರೊಟ್ಟಿ ಇಡುತ್ತಾಳೆ. ಅದನ್ನು ಅವಳು ತುತ್ತು ಎನ್ನುತ್ತಾಳೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರ ಹೊಟ್ಟೆಯೂ ಖಾಲಿ ಇರಬಾರದು, ಅಷ್ಟೇ ಅದರ ಅರ್ಥ. ಮನೆಯವರಿಗೆ ಕೊಡುವಾಗ ಕೈಗೆ ಕೊಡುತ್ತಲೇ ಹೇಳುತ್ತಾಳೆ, ಮೂಲೆಯಲ್ಲಿ ತುತ್ತು ಐತಿ, ತಿಂಗಳಿಗೊಮ್ಮೆ ಬಿಸಿಲಿಗೆ ಹಾಕು ಎಂದು. ನನಗೂ ಪ್ರತಿ ಸಲ ಹೇಳುತ್ತಿದ್ದಳು. "ತಗೋಳಾಕೀಗೆ ಹೇಳಿ ಕಳಸು ಯವ್ವಾ." ನಾನು ಹೂಂ ಎನ್ನುತ್ತಿದ್ದೆ. ಪಾರ್ಸಲ್ಲಿನ ಒಳಗೆ ಹೇಗೆ ಒಗೆಯಬೇಕು, ಹೇಗೆ ಒಣಗಿಸಬೇಕು ಎಂದು ಚಂದದ ಚೀಟಿ ಅಚ್ಚು ಹಾಕಿಸಿ ಇಡುತ್ತಿದ್ದೆ. ತುತ್ತಿನ ಮಾತು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಬೇರೆ ಊರಿನ ಓದಿದ ಜನ ನಕ್ಕಾರು ಎಂಬ ನಾಚಿಕೆ ನನಗೆ. ಲಕ್ಕವ್ವನಿಗೆ ಇಡಬೇಡ ಎನ್ನುವ ಧೈರ್ಯವೂ ಇರಲಿಲ್ಲ, ಗಿರಾಕಿಗೆ ಇಟ್ಟಿದ್ದೇವೆ ಎನ್ನುವ ಧೈರ್ಯವೂ ಇರಲಿಲ್ಲ. ಸಾಲದ್ದಕ್ಕೆ ಆ ಕೌದಿಯನ್ನು ಮಳೆಗಾಲದಲ್ಲಿ ಎರಡು ತಿಂಗಳು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟವಳೂ ನಾನೇ. ಖಡಕ್ ರೊಟ್ಟಿ ಅಲ್ಲಿಯೇ ಮೆತ್ತಗಾಗಿ ಬೂಸ್ಟು ಹಿಡಿದಿರಬೇಕು.

ಎರಡನೇ ಸಲ ಕುಳಿತಾಗ ಇದೆಲ್ಲ ನೆನಪಾಗಿ ಅಳು ಬಂತು. ನಾವು ಬಡ ಹೆಣ್ಣುಮಕ್ಕಳು, ಹೊಟ್ಟೆಪಾಡಿಗೆ ಮಾಡುತ್ತೇವೆ, ಕ್ಷಮಿಸಿ ಎಂದು ಸೆರಗು ಕಣ್ಣಿಗೆ ಹಚ್ಚಿದೆ. ನಜಮಾ ಅದನ್ನೂ ಅಳಿಸಿದಳು.

"ಇದು ಬೇಡಿಕೊಂಡಂಗ ಆತು. ಅತ್ತು ಆಕೀ ಬಾಯಿ ಮುಚ್ಚಸಬ್ಯಾಡ. ಆಕೀ ಅವ್ವ ಸತ್ತಾಳ, ನೀ ಯಾಕ ಅಳತಿ?"

ಅಷ್ಟರಲ್ಲಿ ನನ್ನ ಮೈದುನ ಶಿವಲಿಂಗ ಬಂದ. ಹುಬ್ಬಳ್ಳಿ, ಪುಣೆಯ ಪ್ರದರ್ಶನಗಳಿಗೆ ನಮ್ಮ ಕೌದಿ ಒಯ್ಯುವವನು ಅವನೇ. ಮುಖ ಕೆಂಪಗಾಗಿತ್ತು.

"ವೈನಿ, ಭಾಳ ತಲಿ ಕೆಡಿಸ್ಕೋಬ್ಯಾಡ. ಒಂದs ಮಾತು ಹೇಳು. ಮುದುಕಿ ನಮಗ ಗೊತ್ತಿಲ್ದಂಗ ಇಟ್ಟಾಳ, ಆಕೀನ್ನ ತಗದ ಹಾಕೇವಿ ಅನ್ನು. ಮುಗೀತು. ಪಟ್ಟಿ ಹಚ್ಚೂದೂ ಬಂದ್ ಮಾಡು."

"ನಮಗ ಗೊತ್ತಿಲ್ದಂಗ?"

"ಯಾರು ಕೇಳಾಕ ಬರತಾರ ವೈನಿ? ಆಕೀಗೇನು ಫೋನ್ ನೋಡಾಕ ಬರತೈತೇನು?"

ನಾನು ಉತ್ತರ ಕೊಡುವ ಮುಂಚೆ ಶಟರಿನ ಕೆಳಗೆ ಎರಡು ಕಾಲು ಕಂಡವು. ಧೂಳು ಮೆತ್ತಿದ ಚಪ್ಪಲಿ. ಲಕ್ಕವ್ವ ಬಗ್ಗಿ ಒಳಗೆ ಬಂದಳು. ಘೋಣಸಗಿಯಿಂದ ತಿಕೋಟಾಕ್ಕೆ, ಅಲ್ಲಿಂದ ಇಲ್ಲಿಗೆ ಬಸ್ ಹಿಡಿದು ಬಂದಿದ್ದಳು. ಶಿವಲಿಂಗನ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅವಳು ಅವನ ಕಡೆ ನೋಡಲೇ ಇಲ್ಲ. ಕಂಕುಳಲ್ಲಿದ್ದ ಖಾಲಿ ಗಂಟಿನ ಬಟ್ಟೆಯನ್ನು ನನ್ನ ಮುಂದೆ ಹಾಸಿದಳು.

"ಶಂಕ್ರೆವ್ವ ಸೀರಿ ಕೊಟ್ಟಿದ್ಲಲ್ಲ, ಮಗಳ ಬಾಣಂತನಕ್ಕ ಕೌದಿ ಹೊಲಿ ಅಂತ. ಫೋನಿನ್ಯಾಗ ಮಾಟ ಅಂದದ್ದು ನೋಡಿ ಇಂದ ಮುಂಜಾನಿ ಬಂದು ಎಲ್ಲಾ ತಿರುಗಿ ಒಯ್ದಾಳ. ಹೊಸ್ತಲಾ ಸೈತ ದಾಟಲಿಲ್ಲ. ಹೊರಗ ನಿಂತು, ಕೊಡು ಅಂದ್ಲು."

ಶಂಕ್ರೆವ್ವ ಅವಳ ಓಣಿಯವಳು. ನಲವತ್ತು ವರ್ಷ ಒಬ್ಬರ ಮನೆಯ ಹಿಟ್ಟು ಇನ್ನೊಬ್ಬರು ಬೀಸಿದವರು.

"ನಾ ಎಷ್ಟ ಕೌದಿ ಹೊಲದೇನಿ ಯವ್ವಾ? ಒಂದರ ಕೂಸು ನನ್ನ ಕೌದ್ಯಾಗ ಮಲಗಿ ಬ್ಯಾನಿ ಬಿದ್ದೈತೇನು? ಮಾಟ ಅಂತ. ನನ್ನ ಕೈಗೆ ಮಾಟ ಅಂತ!" ಎಂದಳು. ಅವಳು ಅಳಲಿಲ್ಲ.

ಅವಳ ಹೆಸರನ್ನು ಪಟ್ಟಿಯ ಮೇಲೆ ಹಾಕಿ ಮೆರೆಸಿದವಳು ನಾನು, ಅವಳು ಹೇಳಿದ ಮಾತನ್ನು ಚೀಟಿಯಲ್ಲಿ ನುಂಗಿದವಳೂ ನಾನು. ಬೈಗುಳ ಮಾತ್ರ ಅವಳ ಪಾಲಿಗೆ. ಶಿವಲಿಂಗನ ಕಡೆ ತಿರುಗಿದೆ.

"ಕೇಳಿಲ್ಲಿ. ಈಕೀ ಹೆಸರು ತಗೀತೇನಿ ಅಂದ್ರ ಮೊದಲ ಈ ಅಂಗಡಿ ಬೋರ್ಡ್ ತಗೀತೇನಿ. ಪಟ್ಟಿ ಇರತೈತಿ. ತುತ್ತೂ ಇರತೈತಿ. ತಪ್ಪಿಗೆ ಒಡೆಯಳು ನಾನು, ನಾನs ನಿಂದರತೇನಿ."

"ತಪ್ಪು ಒಪ್ಪಕೊಂಡ್ರ ದಂಧೆ ಮುಳಗತೈತಿ ವೈನಿ!"

"ಮುಳಗಲಿ. ಸುಳ್ಳು ಹೇಳಿ ತೇಲೂದಕ್ಕಿಂತ ಅದs ಪಾಡು."

ಅವನು ಚಪ್ಪಲಿ ಬಡಿದುಕೊಂಡು ಹೋದ. ನಜಮಾ ಫೋನನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿದಳು. ಅವಳ ಕರಾರುಗಳಿದ್ದವು. ಆ ಹೆಣ್ಣುಮಗಳ ಹೆಸರು ಹೇಳಬಾರದು, ಅವಳ ವಿಡಿಯೋದ ತುಂಡು ಹಾಕಬಾರದು. ಮೊದಲು ಅವಳ ದೂರು, ಆಮೇಲೆ ನಮ್ಮ ತಪ್ಪು, ಆಮೇಲೆ ಏನು ಮಾಡುತ್ತೇವೆ ಎಂಬುದು. ಪದ್ಧತಿಯ ಮಾತು ಬಂದರೆ ತಪ್ಪು ಒಪ್ಪಿಕೊಂಡ ಮೇಲೆಯೇ ಬರಬೇಕು. "ಮೊದಲ ಬಂದ್ರ ಅದು ನೆವ ಆಗತೈತಿ ಅಕ್ಕಾ." ಮೂರನೇ ಸಲ ಎಲ್ಲವನ್ನೂ ಹಾಳೆಯ ಮೇಲೆ ಬರೆದು ಓದಿದೆ. ಗ್ರಾಮ ಪಂಚಾಯಿತಿಯ ನೋಟೀಸು ಓದಿದ ಹಾಗಿತ್ತು. ಹಾಳೆಯನ್ನು ಹರಿದು ಹಾಕಿದೆ.

ಲಕ್ಕವ್ವ ಒಂದು ಮೂಲೆಯಲ್ಲಿ ಕುಳಿತು ನೋಡುತ್ತಿದ್ದಳು. "ಯಾಕ ಅಷ್ಟ ಒದ್ದಾಡ್ತಿ? ನನ್ನ ಮುಂದ ಹೇಳಿದಂಗ ಹೇಳು," ಎಂದಳು. ಅವಳನ್ನೇ ಫೋನಿನ ಹಿಂದೆ ಕೂರಿಸಿದೆ. ಸಿಟ್ಟು ಹಾಗೇ ಇತ್ತು, ಎಲ್ಲಿ ಹೋದೀತು? ಅದನ್ನು ಹಲ್ಲಿನ ಹಿಂದೆ ಇಟ್ಟುಕೊಂಡು, ಆ ಮುದುಕಿಯ ಕಣ್ಣು ನೋಡುತ್ತಾ ಹೇಳಿದೆ.

"ನಮಸ್ಕಾರ್ರಿ. ನಾ ಮಹಾನಂದಾ, ವಿಜಯಪುರದಾಗ ಕೌದಿ ಅಂಗಡಿ ನಡಸ್ತೇನಿ. ನಮ್ಮ ಗಿರಾಕಿ ಒಬ್ರು ತೀರಿಕೊಂಡ ಅವರ ಅವ್ವನ ನಾಕು ಸೀರಿ ನಂಬಿ ಕಳಿಸಿದ್ರು. ಕೌದಿ ಮೂಲ್ಯಾಗ ಬೂಸ್ಟ ಹಿಡದ ರೊಟ್ಟಿ ಸಿಕ್ಕೈತಿ, ಅದರ ವಾಸನಿಗೆ ಇಲಿ ಬಂದು ಸೀರಿ ಕಡದೈತಿ ಅಂತ ಹೇಳ್ಯಾರ. ಅವರು ಹೇಳಿದ್ದು ಖರೇ ಐತ್ರಿ. ಆ ಸೀರಿ ನಾ ಮತ್ತ ತಂದ ಕೊಡಾಕ ಆಗೂದಿಲ್ಲ. ಅದಕ್ಕ ಅವರ ಕ್ಷಮಾ ಕೇಳ್ತೇನಿ.

"ರೊಟ್ಟಿ ನಾವs ಇಟ್ಟದ್ದು. ಹೊದ್ದವರ ಹೊಟ್ಟಿ ತಣ್ಣಗಿರಲಿ ಅಂತ ನಮ್ಮ ಕಡೆ ಒಂದು ತುತ್ತು ಇಟ್ಟು ಹೊಲೀತೇವಿ. ಇಟ್ಟೇವಿ ಅಂತ ನಾ ಹೇಳಬೇಕಿತ್ತು, ಹೇಳಲಿಲ್ಲ. ನೀವು ನಗತೀರಿ ಅಂತ ನಾಚಿ ಮುಚ್ಚಿಟ್ಟೆ. ಮಳಿಗಾಲದಾಗ ಪ್ಲಾಸ್ಟಿಕ್‌ನ್ಯಾಗ ಕಟ್ಟಿ ಇಟ್ಟಾಕೀನೂ ನಾನs. ಹೊಲದಾಕೀದು ಇದರಾಗ ಏನೂ ತಪ್ಪಿಲ್ಲ. ಹೇಳಿ ಕಳಸು ಅಂತ ಆಕೀ ಪ್ರತಿ ಸಲ ನನಗ ಹೇಳ್ಯಾಳ. ಮುಂದೂ ಆಕೀನs ಹೊಲೀತಾಳ, ಪಟ್ಟೀ ಮ್ಯಾಲ ಆಕೀ ಹೆಸರs ಇರತೈತಿ. ಬೈಯೂದಿದ್ರ ನನ್ನ ಹೆಸರು ಹಿಡದ ಬೈರಿ.

"ಇನ್ನ ಮ್ಯಾಲ ತುತ್ತು ಬೇಕೋ ಬ್ಯಾಡೋ ಮೊದಲ ಕೇಳ್ತೇವಿ. ಚೀಟ್ಯಾಗ ಬರೀತೇವಿ. ಪ್ಲಾಸ್ಟಿಕ್ ಬಿಟ್ಟು ಬಟ್ಟಿ ಚೀಲದಾಗ ಕಳಸ್ತೇವಿ. ಈಗಾಗಲೆ ಕೌದಿ ಒಯ್ದಾರು ಮೂಲಿ ಮುಟ್ಟಿ ನೋಡ್ರಿ, ಬಿಸಲಿಗೆ ಹಾಕ್ರಿ, ಬ್ಯಾಡ ಅನ್ನಾರದು ತರಿಸಿ ಬಿಚ್ಚಿ ಕೊಡ್ತೇವಿ. ತುಮಕೂರಿನ ಅಕ್ಕಾರ, ಕೌದಿ ನಮ್ಮ ಖರ್ಚಿನ್ಯಾಗ ತರಿಸಿ ರಿಪೇರಿ ಮಾಡಿಕೊಡ್ತೇವಿ, ಬ್ಯಾಡ ಅಂದ್ರ ಅದೂ ನಿಮ್ಮ ಹಕ್ಕು. ನಿಮ್ಮ ವಿಡಿಯೋ ತಗೀರಿ ಅಂತ ನಾ ಕೇಳೂದಿಲ್ಲ. ಅದು ಅಲ್ಲೇ ಇರಲಿ. ನೋಡಾರು ಯಾರೂ ಅವರ್ನ ಬೈಬ್ಯಾಡ್ರಿ."

ನಜಮಾ ನಿಲ್ಲಿಸಿದಳು. ಎರಡು ನಿಮಿಷಕ್ಕೂ ಕಡಿಮೆ ಇತ್ತು. ನಾನು ಗಿರಾಕಿಗಳ ಸೀರೆ ಮಡಚತೊಡಗಿದೆ.

ಹಾಕುವ ಮುಂಚೆ ಚಂದ್ರಕಲಾಗೆ ಕಳಿಸಿದೆವು. ಇದರಲ್ಲಿ ತಪ್ಪಿದ್ದರೆ ತಿಳಿಸಿ ಎಂದು ಬರೆದೆ. ಅವಳು ನೋಡಿದ್ದು ಗೊತ್ತಾಯಿತು, ಉತ್ತರ ಬರಲಿಲ್ಲ. ಸಂಜೆಯವರೆಗೆ ಕಾದು ಹಾಕಿಬಿಟ್ಟೆವು. ಅದರ ಕೆಳಗೆ ಜನ ಬರೆಯುವುದನ್ನು ಬಂದ್ ಮಾಡಲಿಲ್ಲ. ನಮ್ಮ ನಂಬರನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದೆವು.

ಆಮೇಲೆ ಶುರುವಾಯಿತು ನನ್ನ ಪರೀಕ್ಷೆ. ಒಬ್ಬ ನಾಟಕ ಎಂದ. ಇನ್ನೊಬ್ಬ ಎಂಜಲು ಮಾರುವವರು ಎಂದ. ಪ್ರತಿಯೊಬ್ಬನಿಗೂ ಉತ್ತರ ನಾಲಿಗೆಯ ತುದಿಯಲ್ಲಿತ್ತು. ನಜಮಾ ನನ್ನ ಕೈಯಿಂದ ಫೋನು ಕಸಿದುಕೊಳ್ಳುತ್ತಿದ್ದಳು. ಮರುದಿನ ಗಾಳಿ ತಿರುಗಿತು, ನಮ್ಮ ಪರ ಬಂದವರು ಚಂದ್ರಕಲಾಳನ್ನು ಬೈಯತೊಡಗಿದರು. ಅದು ಇನ್ನೂ ಕೆಟ್ಟದ್ದು. ಅವ್ವನನ್ನು ಕಳೆದುಕೊಂಡವಳನ್ನು ಬೈದು ನನ್ನ ಕೌದಿ ಮಾರಬೇಕೆ? ಥೂ! ಒಬ್ಬೊಬ್ಬರಿಗೂ 'ಅವರನ್ನು ಬೈಯಬೇಡಿ, ಅವರು ಹೇಳಿದ್ದು ನಿಜ' ಎಂದು ಬರೆದೆ, ಮಿತಿ ಮೀರಿದವರ ಮಾತನ್ನು ಅಳಿಸಿದೆ. ನನ್ನನ್ನು ಬೈದಿದ್ದನ್ನು ಮಾತ್ರ ಅಳಿಸಲಿಲ್ಲ.

ಎರಡು ಕೌದಿ ವಾಪಸು ಬಂದವು, ತುತ್ತು ತೆಗೆದು ಕೊಟ್ಟೆವು. ಘೋಣಸಗಿಯಲ್ಲಿ ಶಂಕ್ರೆವ್ವ ಬರಲಿಲ್ಲ, ಬೇರೆ ಯಾರೂ ಬರಲಿಲ್ಲ. ಲಕ್ಕವ್ವ ದಿನಾ ಬಸ್ ಹತ್ತಿ ನನ್ನ ಅಂಗಡಿಗೆ ಬಂದು ಬಾಗಿಲ ಎದುರಿಗೇ ಕುಳಿತು ಹೊಲಿದಳು. ನೋಡುವವರು ನೋಡಲಿ ಎನ್ನುವ ಹಾಗೆ.

ಮೂರನೇ ದಿನ ಫೋನ್ ಬಂತು.

"ಚಂದ್ರಕಲಾ ಮಾತಾಡ್ತಿರೋದು, ತುಮಕೂರಿಂದ. ಇಲಿ ನಿಮ್ಮನೇದು ಅಂತ ನೀವು ಹೇಳೇ ಹೇಳ್ತೀರಾ ಅಂದ್ಕೊಂಡಿದ್ದೆ."

"ಹೇಳಿದ್ನಿರಿ. ನಮ್ಮ ಬಾಜೂ ಅಂಗಡಿ ನಜಮಾ ಅಳಿಸಿದ್ಲು."

ಆ ಕಡೆಯಿಂದ ನಗು, ನಗುವಿನ ಬಾಲಕ್ಕೆ ಅಳು. ಕೊನೆಗೆ ಅವಳು ಹೇಳಿದಳು, "ಕೌದಿ ಕಳಿಸ್ತೀನಿ. ಆದ್ರೆ ಒಳಗೆ ರೊಟ್ಟಿ ಇಡಬೇಡಿ."

ಕೌದಿ ಬಂತು. ಲಕ್ಕವ್ವ ಅದನ್ನು ಎರಡು ದಿನ ಬಿಸಿಲಿಗೆ ಹಾಕಿದಳು. ತೂತಿನ ಸುತ್ತ ಕಡಿದ ನೂಲನ್ನೆಲ್ಲ ಬಿಡಿಸಿ, ಅದೇ ಸೀರೆಯ ಒಳಪದರದಿಂದ ಮೂರು ಬೆರಳಗಲದ ತುಂಡು ತೆಗೆದು ತೇಪೆ ಹಚ್ಚಿದಳು. ಮೂಲೆಯ ತುಂಡಿಗೆ ಬಂದಾಗ ಸೂಜಿ ನಿಂತಿತು.

"ಬ್ಯಾಡ ಅಂದಾಳಲ್ಲ?"

"ಹೂಂ. ಬ್ಯಾಡ ಅಂದಾಳ."

"ಆತು. ಆಕೀ ಕೌದಿ, ಆಕೀ ಮಾತು. ರೊಟ್ಟಿ ಇಡೂದಿಲ್ಲ. ಆದ್ರ ಖಾಲಿ ಹೊಟ್ಟೀ ಮ್ಯಾಲ ನನ್ನ ಸೂಜಿ ಆಡೂದಿಲ್ಲ. ಮೂಲಿ ನಾಕು ಬಟ್ಟಿನಷ್ಟು ಬಾಯಿ ಬಿಟ್ಟು ಕೊಡ್ತೇನಿ, ಆಕೀನs ಮುಚ್ಚಲಿ."

"ಲಕ್ಕವ್ವಾ, ಮತ್ತ ಗದ್ದಲ ಹಚ್ಚಬ್ಯಾಡ ಬೇ. ಅರ್ಧಾ ಹೊಲದ ಕಳಿಸ್ಯಾರ ಅಂತಾಳ."

"ಈ ಸಲ ಹೇಳಿ ಕಳಸು," ಎಂದಳು. ಅಷ್ಟೇ.

ನೂಲು ಪೋಣಿಸಿದ ಸೂಜಿಯನ್ನು ಆ ತೆರೆದ ಮೂಲೆಗೆ ಕಣ್ಣಿಗೆ ಕಾಣುವ ಹಾಗೆ ಚುಚ್ಚಿಟ್ಟಳು. ನಾನು ಚೀಟಿ ಬರೆದೆ. ರೊಟ್ಟಿ ಇಟ್ಟಿಲ್ಲ, ಮೂಲೆ ಮುಚ್ಚಿಲ್ಲ, ಯಾಕೆ ಮುಚ್ಚಿಲ್ಲ, ಸೂಜಿ ಎಲ್ಲಿದೆ, ಎಲ್ಲವನ್ನೂ ಬರೆದೆ. ಹಾಗೇ ಮುಚ್ಚಿದರೂ ನಮಗೆ ಬೇಸರವಿಲ್ಲ ಎಂದೂ ಬರೆದೆ. ಬಟ್ಟೆಯ ಚೀಲದಲ್ಲಿ ಹಾಕಿ ಕಳಿಸಿದೆ.

ವಾರದ ಮೇಲೆ ಚಂದ್ರಕಲಾ ಇನ್ನೊಂದು ವಿಡಿಯೋ ಹಾಕಿದಳು. ಮೊದಲಿನದು ಹಾಗೇ ಇತ್ತು, ಅದರ ಪಕ್ಕದಲ್ಲೇ ಇದು. ಮೂಲೆ ಮುಚ್ಚಿತ್ತು. ಹೊಲಿಗೆ ಸೊಟ್ಟಗಿತ್ತು, ಒಂದೊಂದು ಹೊಲಿಗೆ ಒಂದೊಂದು ದಿಕ್ಕು.

"ಒಳಗೆ ಏನಿಟ್ಟೆ ಅಂತ ಹೇಳಲ್ಲ, ಅದು ನನಗೂ ಅಮ್ಮನಿಗೂ ಸೇರಿದ್ದು," ಎಂದಳು. "ಕೌದಿ ಹಾಳಾಗಿದ್ದು ನಿಜ, ಅದನ್ನ ವಾಪಸ್ ತಗೊಳ್ಳಲ್ಲ. ಮಾಟ ಅಂದೆನಲ್ಲ, ಆ ಮಾತು ಮಾತ್ರ ವಾಪಸ್ ತಗೋತೀನಿ. ಇದನ್ನ ಹೊಲಿದವರು ಘೋಣಸಗಿಯ ಲಕ್ಕವ್ವ." ಹೆಸರನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು.

ಆ ಸಂಜೆ ನಾನೇ ಘೋಣಸಗಿಗೆ ಹೋಗಿ ಲಕ್ಕವ್ವನ ಮನೆಯೊಳಗೆ ಬಾಗಿಲ ಹತ್ತಿರವೇ ಕುಳಿತು ಅದನ್ನು ತೋರಿಸಿದೆ. ಫೋನಿನ ಸದ್ದು ಪೂರ್ತಿ ಏರಿಸಿದ್ದೆ, ಓಣಿಗೆಲ್ಲ ಕೇಳಲಿ ಎಂದೇ. ನಾನು ಅಂಥವಳೇ. ಲಕ್ಕವ್ವ ತನ್ನ ಹೆಸರನ್ನು ಮೂರು ಸಲ ಹಚ್ಚಿಸಿ ಕೇಳಿದಳು. ಮೂರನೇ ಸಲ ಮುಗಿಯುವಷ್ಟರಲ್ಲಿ ಶಂಕ್ರೆವ್ವ ಸೀರೆಯ ಗಂಟು ಹೊತ್ತುಕೊಂಡು ಬಂದು ಅಂಗಳದಲ್ಲಿ ನಿಂತಳು.

"ಲಕ್ಕವ್ವಾ, ಮಗಳದು ದಿನಾ ತುಂಬ್ಯಾವು. ಲಗೂ ಹೊಲದ ಕೊಡ್ತಿಯೇನು?"

ಲಕ್ಕವ್ವ ತಲೆ ಎತ್ತಲಿಲ್ಲ. ಹೊಲಿಯುತ್ತಿದ್ದ ಸಾಲನ್ನು ಕೊನೆಯವರೆಗೆ ಹೊಲಿದು ನೂಲು ಕಡಿದಳು.

"ಹೊರಗ ನಿಂತಾರ ಕೌದಿ ನಾ ಹೊಲೀಂಗಿಲ್ಲ. ಒಳಗ ಬಾ."

ಶಂಕ್ರೆವ್ವ ಹೊಸ್ತಿಲು ದಾಟಿ ಬಂದು ಗಂಟನ್ನು ಇಳಿಸಿದಳು. ತುಸು ಹೊತ್ತು ಅದರ ಮೇಲೆ ಕೈ ಆಡಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಮ್ಮದಕ್ಕ ತುತ್ತು ಇಡತೀಯಲ್ಲ?"

"ರೊಟ್ಟಿ ನಿಮ್ಮನೀದು ತಗೊಂಡ ಬಾ," ಎಂದಳು ಲಕ್ಕವ್ವ. "ನನ್ನ ಕೈ ರೊಟ್ಟಿ ಈ ಸಲ ನಿನಗಿಲ್ಲ."